ಓದುಗರ ಪ್ರಶ್ನೆ: ಅನ್ನ ಒಂದೇ ಹೊತ್ತು, ಆದರೂ ಹೊಟ್ಟೆ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಾನು ಉಪ್ಪಳದವನು. ವಯಸ್ಸು 34, ಎತ್ತರ 168 ಸೆಂ.ಮೀ., ತೂಕ 84 ಕಿಲೋ. ಮಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಖಾಯಂ ನೈಟ್ ಡ್ಯೂಟಿ, ರಾತ್ರಿ 8.30ರಿಂದ ಬೆಳಿಗ್ಗೆ 7.30. ಭಾನುವಾರ ರಜೆ. ಅನ್ನ ಉಣ್ಣುವುದು ಮಧ್ಯಾಹ್ನ ಒಂದೇ ಹೊತ್ತು. ಡ್ಯೂಟಿ ಮುಗಿಸಿ ಬಂದು ಅರ್ಧ ಗಂಟೆ ಓಡುತ್ತೇನೆ ಕೂಡ. ಆರು ತಿಂಗಳಾಯಿತು, ಹೊಟ್ಟೆ ಹಾಗೇ ಇದೆ. ಊಟ, ನಿದ್ದೆ, ವ್ಯಾಯಾಮ ಯಾವ ಹೊತ್ತಿಗೆ ಇಟ್ಟುಕೊಳ್ಳಲಿ?

ಉತ್ತರ: ಇವರಿಗೆ ಫೋನು ಮಾಡಿ, ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ ಎಂದೆ. ಬಂದ ಪಟ್ಟಿ ನೋಡಿದರೆ ಅನ್ನ ನಿಜಕ್ಕೂ ಒಂದೇ ಹೊತ್ತು. ಆದರೆ ರಾತ್ರಿ 1.30ಕ್ಕೆ ಕ್ಯಾಂಟೀನಿನಲ್ಲಿ ಎರಡು ಪರೋಟ, ಕೋಳಿ ಗಸಿ. 4 ಗಂಟೆಗೆ ಚಾ, ಜೊತೆಗೆ ಒಂದು ಹಿಡಿ ಬಾಳೆಕಾಯಿ ಚಿಪ್ಸ್. ಡ್ಯೂಟಿ ಬಿಟ್ಟು ಬಸ್ ಹತ್ತುವ ಮೊದಲು ಎರಡು ಬನ್ಸ್, ಇನ್ನೊಂದು ಚಾ. ನಮ್ಮ ಕಡೆ ಅನ್ನ ಬಿದ್ದರೆ ಮಾತ್ರ ಅದು ಊಟ. ಪರೋಟ, ಬನ್ಸ್ ಎಲ್ಲ ತಿಂಡಿ, ಚಾ ಲೆಕ್ಕಕ್ಕೇ ಇಲ್ಲ. ಈ ಲೆಕ್ಕಕ್ಕಿಲ್ಲದ್ದೇ ಸುಮಾರು 1400 ಕ್ಯಾಲರಿ ಆಗುತ್ತದೆ. ಅವರ ಮೈಗೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 2300.

ಅದು ಒಂದು ಕಾರಣ. ಇನ್ನೊಂದು, ತಿನ್ನುವ ಹೊತ್ತು. ಬೆಳಕು ನೋಡಿ ನಡೆಯುವ ಗಡಿಯಾರ ಮಿದುಳಿನಲ್ಲಿದ್ದರೆ, ಪಿತ್ತಜನಕಾಂಗ, ಮೇದೋಜೀರಕದಂಥ ಅಂಗಗಳಿಗೂ ತಮ್ಮದೇ ಗಡಿಯಾರಗಳಿವೆ. ಅವು ಊಟದ ಹೊತ್ತನ್ನೂ ನೋಡಿಕೊಂಡು ನಡೆಯುತ್ತವೆ. ರಾತ್ರಿ ನಿದ್ದೆಗೆ ಕರೆಯುವ ಮೆಲಟೋನಿನ್ ಹಾರ್ಮೋನು ಏರಿದಾಗ ಇನ್ಸುಲಿನ್ ಒಸರುವುದು ಕಡಿಮೆಯಾಗುತ್ತದೆ. ಹಾಗಾಗಿ ಅದೇ ಪರೋಟ ಮಧ್ಯಾಹ್ನಕ್ಕಿಂತ ರಾತ್ರಿ 2 ಗಂಟೆಗೆ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. 2021ರಲ್ಲಿ ಅಮೆರಿಕದಲ್ಲಿ 19 ಮಂದಿಯನ್ನು ಕೃತಕ ನೈಟ್ ಶಿಫ್ಟಿನಲ್ಲಿಟ್ಟು ನೋಡಿದರು. ರಾತ್ರಿಯೂ ತಿಂದವರಲ್ಲಿ ಸಕ್ಕರೆ ಏರಿತು, ಹಗಲು ಮಾತ್ರ ತಿಂದವರಲ್ಲಿ ಏರಲಿಲ್ಲ. ಚಿಕ್ಕ ಪ್ರಯೋಗ, ಅದೂ ಸಕ್ಕರೆಯದ್ದು, ಕೊಬ್ಬಿನದ್ದಲ್ಲ. ರಾತ್ರಿ ತಿನ್ನುವುದು ಬಿಟ್ಟ ಮಾತ್ರಕ್ಕೆ ಹೊಟ್ಟೆ ಕರಗುತ್ತದೆ ಅಂತ ನಾನು ಹೇಳುವುದಿಲ್ಲ. ಕರಗಿಸುವುದು ಒಟ್ಟು ಲೆಕ್ಕವೇ. ಆದರೆ ಎಲ್ಲಿ ಕಡಿಮೆ ಮಾಡಬೇಕು ಎಂದು ಕೇಳಿದರೆ ರಾತ್ರಿ 1ರಿಂದ 5ರ ನಡುವೆ ಎನ್ನುತ್ತೇನೆ.

ನಿದ್ದೆಯ ವಿಷಯ ಇದಕ್ಕಿಂತ ದೊಡ್ಡದು. ಇವರು ಓಡಿ, ಮಿಂದು ಮಲಗುವಾಗ 10 ಗಂಟೆ. ಅಷ್ಟರಲ್ಲಿ ಮೀನಿನವನ ಹಾರ್ನ್. 1 ಗಂಟೆಗೆ ಅಮ್ಮ ಬಂದು, “ಉಂಡು ಮಲಗು ಮಗಾ, ಅನ್ನ ತಣಿಯುತ್ತದೆ” ಎಂದು ಎಬ್ಬಿಸುತ್ತಾರೆ. ಉಂಡ ಮೇಲೆ ಮತ್ತೆ ಮಲಗಿದರೂ ನಿದ್ದೆ ಹತ್ತುವುದಿಲ್ಲ. ಒಟ್ಟು ನಾಲ್ಕೂವರೆ ಗಂಟೆ ಆದರೆ ಪುಣ್ಯ. ನಾನೂ ಒಂಬತ್ತು ವರ್ಷ ವಾರ್ಡಿನಲ್ಲಿ ನೈಟ್ ಮಾಡಿದವಳು, ಅಮ್ಮಂದಿರ ಈ ಪ್ರೀತಿ ನನಗೆ ಗೊತ್ತು.

2010ರ ಒಂದು ಪ್ರಯೋಗದಲ್ಲಿ ತೂಕ ಹೆಚ್ಚಿದ್ದ ಹತ್ತು ಮಂದಿಗೆ ಒಂದೇ ಅಳತೆಯ ಪಥ್ಯ ಕೊಟ್ಟು, ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ಎರಡೂ ಸಲ ಇಳಿದದ್ದು ಹತ್ತಿರ ಹತ್ತಿರ ಮೂರು ಕಿಲೋ. ಆದರೆ ನಿದ್ದೆ ಸಾಕಷ್ಟಿದ್ದಾಗ ಅದರಲ್ಲಿ ಕೊಬ್ಬು 1.4 ಕಿಲೋ, ನಿದ್ದೆ ಕೆಟ್ಟಾಗ ಬರೇ 0.6. ಉಳಿದದ್ದು ಕೊಬ್ಬಲ್ಲದ್ದು, ಮಾಂಸಖಂಡ, ನೀರು ಇಂಥವು. ನಿದ್ದೆಗೆಟ್ಟು ಪಥ್ಯ ಮಾಡಿದರೆ ತಕ್ಕಡಿಯ ಮುಳ್ಳು ಇಳಿಯುತ್ತದೆ, ಬೆಲ್ಟಿನ ತೂತು ಅಲ್ಲೇ ಇರುತ್ತದೆ.

ಆದ್ದರಿಂದ ಮೊದಲು ಬೆಳಗಿನ ಓಟ ನಿಲ್ಲಿಸಿ. ಆ ಹೊತ್ತಿನ ಬಿಸಿಲು ಮಿದುಳಿನ ಗಡಿಯಾರಕ್ಕೆ “ಬೆಳಗಾಯಿತು, ಏಳು” ಎನ್ನುತ್ತದೆ, ನೀವೋ ಮಲಗಲು ಹೊರಟವರು. ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೈಕಿನಲ್ಲಿ ಬರುವವರು ಹಾಕಬೇಡಿ, ಅದು ತೂಕಡಿಕೆ ಹೆಚ್ಚಿಸಬಹುದು. ಮನೆಗೆ ಬಂದು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೆ ಚಟ್ನಿಯೋ ಪಲ್ಯವೋ ಸಾಕು. 11 ಗಂಟೆಗೆ ಹಸಿವಿನಿಂದ ಎಚ್ಚರ ಆಗದಿರಲಿ ಎಂದಷ್ಟೇ. 9.15ಕ್ಕೆ ಮಲಗಿ, 3.30ರ ತನಕ ಯಾರೂ ಎಬ್ಬಿಸಬಾರದು. ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಫ್ಯಾನು ಜೋರು, ಫೋನು ಬೇರೆ ಕೋಣೆಯಲ್ಲಿ. ಅಮ್ಮನಿಗೆ, ಊಟ ಬೇಡ ಎನ್ನಬೇಡಿ, “4 ಗಂಟೆಗೆ ಬಡಿಸಮ್ಮ” ಎನ್ನಿ.

4 ಗಂಟೆಯ ಊಟ ಹಗುರಾಗಿರಲಿ: ಒಂದು ಸೌಟು ಅನ್ನ, ಹುರುಳಿ ಸಾರು, ಸೊಪ್ಪು. 5.45ಕ್ಕೆ ವ್ಯಾಯಾಮ. ಮಲಗಿ ಎದ್ದು ಎರಡು ಗಂಟೆಯಾದ ಈ ಹೊತ್ತಿಗೆ ಮೈ ಬಿಸಿಯಾಗಿ, ಕೀಲು ಸಡಿಲವಾಗಿರುತ್ತವೆ. ವಾರದಲ್ಲಿ ಮೂರು ದಿನ ಬಸ್ಕಿ, ದಂಡ, ಅಕ್ಕಿ ತುಂಬಿದ ಚೀಲ ಎದೆಯತ್ತ ಎಳೆಯುವುದು, ಹತ್ತರಂತೆ ಮೂರು ಮೂರು ಸುತ್ತು. ಕೊನೆಯ ಎರಡು ಕಷ್ಟವಾದರೆ ಭಾರ ಸರಿ ಇದೆ ಎಂದು ಅರ್ಥ. ಉಳಿದ ದಿನ ತೋಟದಲ್ಲೋ ಕಡಲ ಬದಿಯಲ್ಲೋ ನಡಿಗೆ. ಮಳೆಗಾಲದಲ್ಲಿ ಜಗಲಿಯೇ ಗತಿ. ನಿದ್ದೆ ಐದು ಗಂಟೆಗಿಂತ ಕಡಿಮೆಯಾದ ದಿನ ಭಾರ ಎತ್ತಬೇಡಿ, ನಡೆದರೆ ಸಾಕು.

ಹೊರಡುವ ಮೊದಲು, 7 ಗಂಟೆಗೆ ದಿನದ ದೊಡ್ಡ ಊಟ: ಅನ್ನ, ಎರಡು ಬಂಗುಡೆ ಅಥವಾ ಎರಡು ಮೊಟ್ಟೆಯೊಂದಿಗೆ ದಪ್ಪ ತೊವ್ವೆ, ತರಕಾರಿ. 12.30ಕ್ಕೆ ಡಬ್ಬಿಯಿಂದ ಒಂದು ಬಟ್ಟಲು ಕಡಲೆ ಉಸಲಿ, ಮಜ್ಜಿಗೆ. ಆಮೇಲೆ ಬೆಳಗಿನ ತನಕ ಚಾ ಬಿಟ್ಟರೆ ನೀರು ಮಾತ್ರ. ಚಾ 2 ಗಂಟೆಯ ಒಳಗೆ ಮುಗಿಸಿ, ಕುಡಿದ ಕೆಫೀನಿನ ಅರ್ಧ ಐದಾರು ಗಂಟೆ ಕಳೆದರೂ ರಕ್ತದಲ್ಲಿರುತ್ತದೆ. 4 ಗಂಟೆಗೆ ಮೈಯ ಕಾವು ಇಳಿದು ತಡೆಯಲಾರದ ತೂಕಡಿಕೆ ಬರುವಾಗ ಕೈ ತಾನಾಗಿ ಚಿಪ್ಸಿನ ಕಡೆ ಹೋಗುತ್ತದೆ. ಅದು ಹಸಿವಲ್ಲ. ಎದ್ದು ಎರಡು ಮಹಡಿ ಹತ್ತಿಳಿಯಿರಿ, ಬಿಡುವಿದ್ದರೆ 20 ನಿಮಿಷ ಕಣ್ಣು ಮುಚ್ಚಿ. ಇಷ್ಟೆಲ್ಲ ಸೇರಿ 1900 ಕ್ಯಾಲರಿ ಆಸುಪಾಸು ಬರುತ್ತದೆ.

ಕೆಡುವುದು ಭಾನುವಾರ. ಶನಿವಾರದ ಡ್ಯೂಟಿ ಮುಗಿಸಿ ಬಂದವರು ಹಗಲಿಡೀ ಎಚ್ಚರವಿದ್ದು, ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುತ್ತಾರೆ. ಸೋಮವಾರ ಮತ್ತೆ ಗಡಿಯಾರ ತಿರುಗಿಸಬೇಕು. ಭಾನುವಾರ ಬೆಳಿಗ್ಗೆ ಬಂದು ಮಧ್ಯಾಹ್ನ 12.30ರ ತನಕವಾದರೂ ಮಲಗಿ, ಆಮೇಲಿನ ಹೊತ್ತು ಮನೆಯವರಿಗೆ. ರಾತ್ರಿ 3ರ ಹೊತ್ತಿಗೆ ಮಲಗಿ ಸೋಮವಾರ 11ಕ್ಕೆ ಏಳಿ. ದಿನಾ ಒಂದಿಷ್ಟು ಗಂಟೆಯಾದರೂ ಒಂದೇ ಹೊತ್ತಿನಲ್ಲಿ ನಿದ್ದೆ ಬಿದ್ದರೆ ಗಡಿಯಾರ ಅಷ್ಟಾಗಿ ಅಲುಗುವುದಿಲ್ಲ. ಇದು ಖಾಯಂ ನೈಟಿನವರಿಗೆ ಮಾತ್ರ. ವಾರಕ್ಕೆ ಎರಡೇ ನೈಟ್ ಇರುವವರು ಗಡಿಯಾರ ತಿರುಗಿಸಲು ಹೋಗಬೇಡಿ. ಸಂಜೆ ಒಂದೂವರೆ ಗಂಟೆ ಮಲಗಿ ಹೋಗಿ, ಬಂದು ಮಲಗಿ, ಮತ್ತೆ ಹಗಲಿನವರ ಸಾಲಿಗೆ ಸೇರಿಕೊಳ್ಳಿ.

ತೂಕ ನೋಡುವುದು ಮಧ್ಯಾಹ್ನ 3.30ಕ್ಕೆ ಎದ್ದು, ಮೂತ್ರ ಮಾಡಿ, ಏನೂ ತಿನ್ನುವ ಮೊದಲು. ಡ್ಯೂಟಿ ಬಿಟ್ಟು ಬಂದ ಕೂಡಲೇ ನೋಡಿದರೆ ಉಪ್ಪು, ನೀರು, ನಿಂತ ಕಾಲಿನ ಬಾವು ಎಲ್ಲ ಸೇರಿ ಒಂದು ಕಿಲೋ ಹೆಚ್ಚು ತೋರಿಸೀತು. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸಿ, ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತನ್ನು ಟೇಪಿನಲ್ಲಿ ಅಳೆಯಿರಿ. ವಾರಕ್ಕೆ 300ರಿಂದ 500 ಗ್ರಾಂ ಇಳಿದರೆ ದಾರಿ ಸರಿ. ನಾಲ್ಕು ವಾರ ಕಳೆದೂ ಸೊಂಟ ಕದಲದಿದ್ದರೆ ಮೊದಲು ನಿದ್ದೆಯ ಗಂಟೆ ಎಣಿಸಿ. ಅದು ಆರಕ್ಕಿಂತ ಮೇಲಿದ್ದರೆ ಮಾತ್ರ 7 ಗಂಟೆಯ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ.

ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ರಾತ್ರಿಯ ಆಹಾರ ಬಿಡುವ ಮೊದಲು ಡಾಕ್ಟರರ ಹತ್ತಿರ ಔಷಧಿಯ ಹೊತ್ತನ್ನು ಬದಲಿಸಿಕೊಳ್ಳಬೇಕು, ಇಲ್ಲವಾದರೆ ಡ್ಯೂಟಿಯ ನಡುವೆ ಸಕ್ಕರೆ ಕುಸಿದೀತು. ಆರೂವರೆ ಗಂಟೆ ಮಲಗಿದರೂ ತಲೆ ಭಾರ, ಜೋರು ಗೊರಕೆ ಎಂದು ಮನೆಯವರು ಹೇಳುತ್ತಿದ್ದರೆ ಅದನ್ನು ನೈಟ್ ಡ್ಯೂಟಿಯ ಮೇಲೆ ಹಾಕಬೇಡಿ. ಗಂಟಲಲ್ಲಿ ಉಸಿರು ಕಟ್ಟುವ ತೊಂದರೆಯೋ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.