ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಮಕ್ಕಳಿಗೆ ಏನಾಗುತ್ತದೆ?

ಶಾಲೆಯಲ್ಲಿ ಧ್ಯಾನ ಅಂದ ಕೂಡಲೇ ನಮ್ಮಲ್ಲಿ ಎರಡು ಗುಂಪು ಎದ್ದು ನಿಲ್ಲುತ್ತವೆ. ಮಕ್ಕಳಿಗೆ ಏಕಾಗ್ರತೆ ಬರುತ್ತದೆ, ಸಿಟ್ಟು ಕಡಿಮೆಯಾಗುತ್ತದೆ, ರಿಸಲ್ಟ್ ಏರುತ್ತದೆ ಅಂತ ಒಂದು ಗುಂಪು. ಇದು ಶಾಲೆಯೊಳಗೆ ಧರ್ಮವನ್ನು ತರುವ ಹಿಂಬಾಗಿಲು ಅಂತ ಇನ್ನೊಂದು ಗುಂಪು. 2022ರ ನವೆಂಬರ್‌ನಲ್ಲಿ ಕರ್ನಾಟಕದ ಶಾಲೆ, ಪಿಯು ಕಾಲೇಜುಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸಬೇಕು ಎಂಬ ಮಾತು ಬಂದಾಗ ಇದೇ ಜಗಳ ನಡೆಯಿತು. ಮುಂದಿನ ವರ್ಷ ಸರಕಾರ ಬದಲಾಯಿತು, ಜಗಳವೂ ತಣ್ಣಗಾಯಿತು. ಅದರಿಂದ ಮಕ್ಕಳಿಗೆ ನಿಜಕ್ಕೂ ಏನಾದರೂ ಉಪಯೋಗ ಇದೆಯಾ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಸರಿಯಾಗಿ ಕೇಳಲೇ ಇಲ್ಲ. ವಿಚಿತ್ರ ಅಂದರೆ, ಆ ಪ್ರಶ್ನೆಗೆ ಸಿಕ್ಕ ಅತಿ ದೊಡ್ಡ ಉತ್ತರ 2022ರ ಜುಲೈನಲ್ಲೇ ಬ್ರಿಟನ್ನಿನಲ್ಲಿ ಪ್ರಕಟವಾಗಿತ್ತು.

ಅಲ್ಲಿಗೆ ಬರುವ ಮೊದಲು ಹಿಂದಿನ ಕತೆ ಸ್ವಲ್ಪ ಬೇಕು. ಉಸಿರು ಗಮನಿಸುವುದು ನಮಗೆ ಹೊಸದಲ್ಲ. ಅದನ್ನು ಆಸ್ಪತ್ರೆಯ ಕೋರ್ಸ್ ಮಾಡಿದ್ದು ಅಮೆರಿಕದ ಜಾನ್ ಕಬಾತ್ ಝಿನ್. 1979ರಲ್ಲಿ, ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಬಂದವರು ಹೆಚ್ಚಾಗಿ ವರ್ಷಗಟ್ಟಲೆ ನೋವು ತಿಂದ ದೊಡ್ಡವರು. ಎಂಟು ವಾರದ ಕೋರ್ಸ್, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ನಂತರ ಮತ್ತೆ ಮತ್ತೆ ಖಿನ್ನತೆಗೆ ಬೀಳುವವರಿಗೆ ಅಂತ ಇದರದ್ದೇ ಒಂದು ರೂಪ ಬಂತು, ಅದು ಕೆಲಸವನ್ನೂ ಮಾಡಿತು. ಆಮೇಲೆ ಮೂರು ದಶಕದಲ್ಲಿ ಅದು ಆಸ್ಪತ್ರೆಯಿಂದ ಕಂಪನಿಗೆ, ಕಂಪನಿಯಿಂದ ಶಾಲೆಗೆ ಇಳಿಯಿತು. 2018ರಲ್ಲಿ ದಿಲ್ಲಿ ಸರಕಾರಿ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೇ ತರಗತಿವರೆಗೆ ‘ಹ್ಯಾಪಿನೆಸ್’ ಪೀರಿಯಡ್ ಶುರುವಾದಾಗ ಅದರಲ್ಲೂ ಈ ಅಭ್ಯಾಸ ಇತ್ತು.

ದೊಡ್ಡವರಿಗೆ, ಅದೂ ತಾವಾಗಿಯೇ ಬಂದವರಿಗೆ ಫಲ ಕೊಟ್ಟಿದ್ದು, ಪೀರಿಯಡ್ ಬೆಲ್ಲಿಗೆ ಎದ್ದು ಕೂರುವ ಹನ್ನೆರಡು ವರ್ಷದ ಹುಡುಗನಿಗೂ ಫಲ ಕೊಡುತ್ತದಾ? ಈ ಕತೆಯ ತಿರುಳು ಇಷ್ಟೇ.

ಬ್ರಿಟನ್ನಿನ ಕೆಲವು ಶಿಕ್ಷಕರು ಸೇರಿ ಹದಿಹರೆಯದವರಿಗೆ ಅಂತಲೇ ‘ಡಾಟ್ ಬಿ’ ಎಂಬ ಪಾಠಮಾಲೆ ಮಾಡಿದ್ದರು. ‘ನಿಲ್ಲು, ಉಸಿರಾಡು’ ಎಂಬುದು ಅದರ ಮೂಲ ಸೂಚನೆ. ಅದರಲ್ಲಿ ಮಕ್ಕಳಿಗೆ ತುಂಬ ಇಷ್ಟವಾಗುವ ಒಂದು ಅಭ್ಯಾಸವಿದೆ: ಪಾದ ನೆಲದ ಮೇಲೆ, ಕುಂಡಿ ಕುರ್ಚಿಯ ಮೇಲೆ. ಆ ಎರಡು ಜಾಗದಲ್ಲಿ ಏನು ಅನಿಸುತ್ತಿದೆ ಅಂತ ಸುಮ್ನೆ ಗಮನಿಸುವುದು, ಅಷ್ಟೇ. 2013ರಲ್ಲಿ 12 ಶಾಲೆಗಳ 522 ಮಕ್ಕಳ ಮೇಲೆ ಇದನ್ನು ನೋಡಿದರು. ಪಾಠ ಪಡೆದ ಮಕ್ಕಳಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಕಂಡವು. ಹೆಚ್ಚು ಅಭ್ಯಾಸ ಮಾಡಿದವರಲ್ಲಿ ಫಲವೂ ಹೆಚ್ಚಿತ್ತು. ಪತ್ರಿಕೆಗಳು ಹಾಡಿ ಹೊಗಳಿದವು. 2015ರಲ್ಲಿ ಅಲ್ಲಿನ ಸಂಸದರ ಗುಂಪೊಂದು ಶಾಲೆಗಳಲ್ಲೂ ಇದು ಬೇಕು ಅಂತ ವರದಿ ಕೊಟ್ಟಿತು.

ಆದರೆ ಆ 522 ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಉತ್ಸಾಹ ಇದ್ದ ಶಾಲೆಗಳು ಪಾಠ ಪಡೆದವು, ಉಳಿದವು ಹೋಲಿಕೆಗೆ ನಿಂತವು. ಉತ್ಸಾಹಿ ಮೇಷ್ಟ್ರು ಇರುವ ಶಾಲೆಯಲ್ಲಿ ಏನು ಮಾಡಿದರೂ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಅದನ್ನು ಬಗೆಹರಿಸಲು ಆಕ್ಸ್‌ಫರ್ಡ್‌ನ ವಿಲ್ಲೆಮ್ ಕೈಕನ್ ಮತ್ತು ಸಂಗಡಿಗರು ದೊಡ್ಡದಕ್ಕೇ ಕೈಹಾಕಿದರು. ಹೆಸರು ‘ಮಿರಿಯಡ್’. 85 ಶಾಲೆ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು, ವಯಸ್ಸು 11ರಿಂದ 13ರ ಆಸುಪಾಸು. ಈ ಸಲ ಯಾವ ಶಾಲೆಗೆ ಪಾಠ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆಯೇ ನಿರ್ಧರಿಸಿದರು. ಪಾಠ ಇಲ್ಲದ ಶಾಲೆಗಳಲ್ಲಿ ಎಂದಿನ ಭಾವನೆ, ನಡವಳಿಕೆಯ ತರಗತಿಗಳೇ ಮುಂದುವರಿದವು. ಪಾಠ ಹೇಳುವ ಶಿಕ್ಷಕರು ಮೊದಲು ತಾವೇ ಎಂಟು ವಾರದ ಕೋರ್ಸ್ ಮಾಡಿದರು, ಆಮೇಲೆ ಕಲಿಸುವ ತರಬೇತಿ ಪಡೆದರು, ಆಮೇಲೆ ಮಕ್ಕಳಿಗೆ ಹತ್ತು ಪಾಠ ಹೇಳಿದರು. ವರ್ಷ ಬಿಟ್ಟು ಮಕ್ಕಳನ್ನು ಮತ್ತೆ ಕೇಳಿದರು.

ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಖಿನ್ನತೆಯಲ್ಲಿ ಇಲ್ಲ, ನಡವಳಿಕೆಯಲ್ಲಿ ಇಲ್ಲ, ನೆಮ್ಮದಿಯಲ್ಲೂ ಇಲ್ಲ. ಮೊದಲೇ ಮನಸ್ಸಿನ ತೊಂದರೆಯ ಲಕ್ಷಣ ಇದ್ದ ಮಕ್ಕಳಿಗೆ ಇದು ಹೊಂದಲಿಕ್ಕಿಲ್ಲ ಎಂಬ ಸುಳಿವೂ ಸಿಕ್ಕಿತು. ಯಾಕೆ ಹೀಗಾಯಿತು ಎಂಬುದಕ್ಕೆ ಒಂದು ಕಾರಣ ಎದ್ದು ಕಾಣುತ್ತದೆ. ಹತ್ತರಲ್ಲಿ ಎಂಟು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲಿಲ್ಲ. ಅನೇಕರಿಗೆ ಬೋರ್ ಹೊಡೆದಿತ್ತು. ಮಕ್ಕಳಿಗೆ ತಮಗೆ ಇದು ಬೇಕು ಅಂತಲೇ ಅನಿಸಿರಲಿಲ್ಲ.

ನನಗೆ ಹೆಚ್ಚು ಕುತೂಹಲ ಅನಿಸಿದ್ದು ಶಿಕ್ಷಕರ ಕಡೆಯ ಫಲಿತಾಂಶ. ಕೋರ್ಸ್ ಮಾಡಿದ ಮೇಷ್ಟ್ರುಗಳಲ್ಲಿ ಸುಸ್ತು, ಬೇಸರ ಇಳಿದಿತ್ತು. ಶಾಲೆಯ ವಾತಾವರಣ ಚೆನ್ನಾಗಿದೆ ಅಂತ ಅವರು ಹೇಳಿದರು. ಅದರಲ್ಲೂ ಹೆಚ್ಚಿನದು ವರ್ಷ ಕಳೆಯುವಷ್ಟರಲ್ಲಿ ಮಾಸಿತು ಅನ್ನುವುದು ಬೇರೆ ಮಾತು.

ಹಾಗಾದರೆ ಏನೂ ಇಲ್ಲವೇ ಇಲ್ಲ ಅನ್ನಬಹುದಾ? ಹಾಗೂ ಅಲ್ಲ. ಇಂಥ 66 ಪ್ರಯೋಗಗಳನ್ನು, ಅಂದರೆ 20 ಸಾವಿರಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರ ಲೆಕ್ಕವನ್ನು, ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೂ 2022ರಲ್ಲೇ ಬಂತು. ಏನೂ ಮಾಡದ ಗುಂಪಿಗೆ ಹೋಲಿಸಿದರೆ ಗಮನ, ಆತಂಕ, ನಡವಳಿಕೆ ಎಲ್ಲದರಲ್ಲೂ ಚಿಕ್ಕ ಲಾಭ ಕಂಡಿತು. ಬೇರೆ ಯಾವುದೋ ಚಟುವಟಿಕೆ ಮಾಡಿದ ಗುಂಪಿಗೆ ಹೋಲಿಸಿದಾಗ ಆ ಲಾಭ ಕರಗಿತು. ಆತಂಕ, ಒತ್ತಡದ ವಿಷಯದಲ್ಲಿ ಚೂರು ಉಳಿಯಿತು. ತಿಂಗಳುಗಳು ಕಳೆದ ಮೇಲೆ ಮತ್ತೆ ನೋಡಿದ ಪ್ರಯೋಗಗಳಲ್ಲಿ ಅದೂ ಕಾಣಲಿಲ್ಲ.

ನಮ್ಮ ದೇಶದ ಒಂದು ಪ್ರಯೋಗವನ್ನೂ ಇಲ್ಲಿ ಹೇಳಬೇಕು. 2013ರಲ್ಲಿ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು ಹರಿದ್ವಾರದ 98 ಮಕ್ಕಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮೂರು ತಿಂಗಳು ಯೋಗ, ಇನ್ನೊಂದು ಪಾಲಿಗೆ ಅಷ್ಟೇ ಹೊತ್ತು ವ್ಯಾಯಾಮ. ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿದರು. ಜೊತೆಯವರ ನಡುವೆ ತನ್ನ ಬಗ್ಗೆ ಇರುವ ವಿಶ್ವಾಸದಲ್ಲಿ ವ್ಯಾಯಾಮದ ಗುಂಪೇ ಮುಂದಿತ್ತು. ಶನಿವಾರ ಬೆಳಗ್ಗೆ ಮಾಸ್ ಡ್ರಿಲ್ ಮಾಡಿಸುವ ನಮ್ಮ ದೈಹಿಕ ಶಿಕ್ಷಕರಿಗೆ ಇದನ್ನು ಯಾರಾದರೂ ಹೇಳಬೇಕು.

ಈಗ ರಾಯಚೂರು ಕಡೆಗೆ ಬರೋಣ. ಇಲ್ಲಿ ಬ್ರಿಟನ್ನಿನ ಪಾಠಮಾಲೆ ಬಂದರೆ ಮೊದಲ ಅಡಚಣೆ ಕುರ್ಚಿಯದ್ದೇ. ಕೆಳ ತರಗತಿಗಳಲ್ಲಿ ಹೆಚ್ಚಿನ ಮಕ್ಕಳು ಕೂರುವುದು ಪಟ್ಟಿಯ ಮೇಲೆ, ಚಕ್ಕಳಮಕ್ಕಳ ಹಾಕಿ. ಎರಡನೆಯದು ಸಮಯ. ಮಾರ್ಚ್ ಹೊತ್ತಿಗೆ ತಗಡಿನ ಛಾವಣಿಯ ಕೋಣೆಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿಸಿದರೆ ನಿದ್ದೆ ಗ್ಯಾರಂಟಿ. ಮೂರನೆಯದು ಮಕ್ಕಳೇ ಬದಲಾಗುತ್ತಾ ಇರುವುದು. ರಾಯಚೂರು, ಕೊಪ್ಪಳದಿಂದ ಗುಳೆ ಹೋಗುವ ಮನೆಗಳ ಮಕ್ಕಳು ಹತ್ತಿ ಬಿಡಿಸುವ ಕಾಲಕ್ಕೋ ಆಮೇಲೋ ಕಾಣೆಯಾಗುತ್ತಾರೆ. ಹತ್ತು ವಾರದ ಪಾಠದಲ್ಲಿ ನಾಲ್ಕೇ ಸಿಕ್ಕ ಹುಡುಗಿಯನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಮೇಷ್ಟ್ರ ಕತೆಯೂ ಹಾಗೇ. ಅತಿಥಿ ಶಿಕ್ಷಕರ ಮೇಲೆ ನಿಂತ ಶಾಲೆಯಲ್ಲಿ ಎಂಟು ವಾರದ ಕೋರ್ಸ್ ಮಾಡಿದವರು ಮುಂದಿನ ಜೂನ್‌ಗೆ ಇರುತ್ತಾರೋ ಇಲ್ಲವೋ.

ಲಿಂಗಸುಗೂರು ಕಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿಯ ಮೇಷ್ಟ್ರೊಬ್ಬರು ತಮ್ಮದೇ ರೀತಿಯಲ್ಲಿ ಇದನ್ನು ಮಾಡಿಸುವುದನ್ನು ನೋಡಿದ್ದೇನೆ. ಪ್ರಾರ್ಥನೆ ಮುಗಿದು, ಹಾಲು ಕುಡಿದ ಮೇಲೆ. ಹೊಟ್ಟೆ ಖಾಲಿ ಇದ್ದರೆ ಮಕ್ಕಳ ಗಮನ ಹೊಟ್ಟೆಗೇ ಹೋಗುತ್ತದೆ ಎಂಬುದು ಅವರ ಲೆಕ್ಕ. ಎರಡೂ ಅಂಗೈ ಪಟ್ಟಿಯ ಮೇಲೆ ಊರಿಸುತ್ತಾರೆ. ಬಿಸಿಯಾ, ತಂಪಾ, ಒರಟಾ ಅಂತ ಕೇಳುತ್ತಾರೆ. ಆಮೇಲೆ ಪಾದ, ಆಮೇಲೆ ಹೊರಗಿನ ಸದ್ದು. ಮೂರು ನಿಮಿಷಕ್ಕೆ ಮುಗಿಯಿತು. ಕಣ್ಣು ಮುಚ್ಚಿ ಅಂತ ಅವರು ಹೇಳುವುದೇ ಇಲ್ಲ. ಮುಚ್ಚುವವರು ಮುಚ್ಚಲಿ, ಉಳಿದವರು ನೆಲ ನೋಡಲಿ. ಇದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಅಥವಾ ಭಯಂಕರವಾದದ್ದೇನನ್ನೋ ಕಂಡ ಮಗುವಿಗೆ ಕಣ್ಣು ಮುಚ್ಚಿ ಉಸಿರು, ಎದೆ ಗಮನಿಸು ಅಂದರೆ ಭಯ ಹೆಚ್ಚಾಗಬಹುದು. ಉಸಿರು ಜೋರಾಗುವುದು, ಮೈ ಬಿಗಿಯುವುದು, ಸುಮ್ಮಸುಮ್ಮನೆ ಅಳು ಬರುವುದು ಅದರ ಗುರುತು. ಅಂಗೈ, ಪಾದ, ಸದ್ದು ಅಂಥವರಿಗೆ ಸುರಕ್ಷಿತ ಜಾಗಗಳು.

ಮುಗಿದ ಮೇಲೆ ಅವರು ಏನನಿಸಿತು ಅಂತ ಕೇಳಿದರು. ಮುಂದಿನ ಸಾಲಿನವರು ಒಂದೇ ದನಿಯಲ್ಲಿ “ಶಾಂತಿ ಸಿಕ್ಕಿತ್ರಿ ಸರ್” ಅಂದರು. ಹಿಂದಿನಿಂದ ಒಬ್ಬ, “ಎಡಗಾಲು ಜೋಮು ಹಿಡದೈತ್ರಿ” ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ಅವನನ್ನೇ ಹಿಡಿದರು: ಯಾವಾಗ ಗೊತ್ತಾಯಿತು, ಈಗ ಹೇಗಿದೆ, ಕಾಲು ಬಿಚ್ಚಿದರೆ ಏನಾಗುತ್ತದೆ? ಶಾಂತಿ ಸಿಕ್ಕಿತು ಎನ್ನುವವರು ಸರ್‌ಗೆ ಬೇಕಾದ ಉತ್ತರ ಕೊಡುತ್ತಿದ್ದಾರೆ. ಕಾಲು ಜೋಮು ಎಂದವನು ನಿಜವಾಗಿ ಗಮನಿಸಿದ್ದಾನೆ. ಅಭ್ಯಾಸ ನಡೆಯುತ್ತಿದೆಯಾ ಇಲ್ಲವಾ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಆ ಮೇಷ್ಟ್ರನ್ನು ನೋಡಿ ಎಲ್ಲ ಶಾಲೆಗೂ ಒಂದು ಆದೇಶ ಹೊರಡಿಸಿದರೆ ಆಗುವುದು ಬೇರೆಯೇ. ಬೆಲ್, ಕೈಕಟ್ಟು, ಕಣ್ಣು ಮುಚ್ಚು, ಅಲುಗಾಡಿದರೆ ಗದರಿಕೆ, ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ. ಕೈಕನ್ ತಂಡ ಶಿಕ್ಷಕರ ತಯಾರಿಗೆ ತಿಂಗಳುಗಟ್ಟಲೆ ಖರ್ಚು ಮಾಡಿಯೂ ಬರಿಗೈಲಿ ಬಂತು. ತಯಾರಿಯೇ ಇಲ್ಲದ ಹತ್ತು ನಿಮಿಷದಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಹೇಗೆ ಎಂಬುದು ನನಗಂತೂ ಅರ್ಥವಾಗಿಲ್ಲ.

ಫಲ ಬಂದಿದೆ ಅಂತ ತೋರಿಸುವುದು ಕಷ್ಟವೇನಲ್ಲ, ಅದೇ ತೊಂದರೆ. ಫೆಬ್ರವರಿ ಕೊನೆಯಲ್ಲಿ, ಪರೀಕ್ಷೆ ಹತ್ತಿರ ಬಂದಾಗ, ಎಂಟನೇ ತರಗತಿಯವರಿಗೆ ಆತಂಕದ ಪ್ರಶ್ನೆಪಟ್ಟಿ ಕೊಡಿ. ಆಮೇಲೆ ಧ್ಯಾನ ಮಾಡಿಸಿ. ಜೂನ್‌ನಲ್ಲಿ ಅದೇ ಮಕ್ಕಳಿಗೆ ಅದೇ ಪಟ್ಟಿ ಕೊಡಿ. ಆತಂಕ ಇಳಿದೇ ಇರುತ್ತದೆ. ಪರೀಕ್ಷೆ ಮುಗಿದಿದೆ, ಅಜ್ಜಿ ಊರಿಗೆ ಹೋಗಿ ಬಂದಿದ್ದಾರೆ, ಮಳೆ ಶುರುವಾಗಿದೆ. ಧ್ಯಾನ ಮಾಡದಿದ್ದರೂ ಇಳಿಯುತ್ತಿತ್ತು. ಪಕ್ಕದ ಊರಿನ, ಧ್ಯಾನ ಮಾಡದ ಮಕ್ಕಳನ್ನೂ ಅದೇ ಎರಡು ದಿನ ಕೇಳಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಹಾಗೆ ಮಾಡುವುದು ಇಲ್ಲಿ ಅಸಾಧ್ಯವೇನಲ್ಲ. ಕೊಪ್ಪಳದ ಒಂದೆರಡು ಕ್ಲಸ್ಟರ್ ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿ ಮೂರು ಪಾಲು ಮಾಡಬಹುದು. ಒಂದು ಪಾಲಿಗೆ ಮೈಮನಸ್ಸು ಗಮನಿಸುವ ಅಭ್ಯಾಸ, ಒಂದಕ್ಕೆ ಅಷ್ಟೇ ಹೊತ್ತು ಖೋಖೋ, ಒಂದಕ್ಕೆ ಎಂದಿನ ಹಾಗೆ. ಇಷ್ಟು ಕಡಿಮೆ ಶಾಲೆಗಳಿಂದ ಕೊನೆಯ ಮಾತು ಹೊರಡುವುದಿಲ್ಲ, ಆದರೆ ದೊಡ್ಡದಾಗಿ ಮಾಡುವ ಮೊದಲು ಎಡವುವ ಜಾಗಗಳು ಗೊತ್ತಾಗುತ್ತವೆ. ಗುಳೆ ಹೋದ ಮಕ್ಕಳ ಹೆಸರನ್ನು ಪಟ್ಟಿಯಿಂದ ತೆಗೆಯದೆ, ತಿರುಗಿ ಬಂದಾಗ ಅವರನ್ನೂ ಕೇಳಬೇಕು. ಪ್ರಶ್ನೆ ಕೇಳುವವರು ಅಭ್ಯಾಸ ಮಾಡಿಸಿದ ಮೇಷ್ಟ್ರೇ ಆಗಿರಬಾರದು. ಇಲ್ಲದಿದ್ದರೆ ಮುಂದಿನ ಸಾಲಿನವರೆಲ್ಲ ಶಾಂತಿ ಸಿಕ್ಕಿತು ಅಂತಲೇ ಬರೆಯುತ್ತಾರೆ.