ಕೈ ಸಡಿಲ ಆಗೋದು ಎಷ್ಟು ಗಂಟೆಗೆ?

ಕಳೆದ ಮಳೆಗಾಲದಲ್ಲಿ ಅತ್ತೆ, ಸೊಸೆ ಇಬ್ಬರೂ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಚೀಟಿ ಮಾಡಿಸಿದ್ದು ಅತ್ತೆಯ ಹೆಸರಿಗೆ. ವಯಸ್ಸು 66. ಉಗುರಿನ ಹಿಂದಿನ ಗೆಣ್ಣುಗಳೆಲ್ಲ ಹುಣಸೆ ಬೀಜ ಇಟ್ಟ ಹಾಗೆ ಗಂಟುಗಟ್ಟಿದ್ದವು. ಲ್ಯಾಬ್ ರಿಪೋರ್ಟಿನಲ್ಲಿ, ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲು ಉರಿಯೂತದ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್ ಸ್ವಲ್ಪ ಜಾಸ್ತಿ ಬಂದಿತ್ತು. ಮನೆಯವರಿಗೆ ಗಾಬರಿ.

“ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀರಮ್ಮ?”

“ಐದೂವರೆಗೆ.”

“ಕೈ ಸಡಿಲ ಆಗೋದು?”

“ಕಾಫಿ ಕುಡಿಯೋಷ್ಟರಲ್ಲಿ ಸರಿ ಹೋಗುತ್ತೆ ಡಾಕ್ಟ್ರೇ. ಬಟ್ಟೆ ಹಿಂಡಿದ ದಿನ ಸಂಜೆ ನೋವು.”

ಇದು ವಯಸ್ಸಿನೊಂದಿಗೆ ಬರುವ ಕೀಲು ಸವಕಳಿ. ಮುಟ್ಟಿ ನೋಡಿದರೆ ಆ ಗಂಟುಗಳು ಮೂಳೆಯಷ್ಟೇ ಗಟ್ಟಿ. ವಯಸ್ಸಾದವರಲ್ಲಿ ಆರ್‌ಎ ಫ್ಯಾಕ್ಟರ್ ಸುಮ್ನೆ ಸ್ವಲ್ಪ ಏರಿರುವುದು ಅಪರೂಪವೇನಲ್ಲ.

ರಿಪೋರ್ಟಿನ ಫೈಲ್ ವಾಪಸ್ ಕೊಟ್ಟಾಗ ಸೊಸೆ ಅದನ್ನು ಬೆರಳಲ್ಲಿ ಹಿಡಿಯಲಿಲ್ಲ. ಎರಡೂ ಅಂಗೈ ನಡುವೆ ಒತ್ತಿ ಎತ್ತಿಕೊಂಡರು. ವಯಸ್ಸು 38. ಅವರಿಗೂ ಅದೇ ಪ್ರಶ್ನೆ ಕೇಳಿದೆ. ಏಳುವುದು ಐದೂವರೆಗೆ. ಏಳೂವರೆಗೆ ಮಗನ ಟಿಫಿನ್ ಡಬ್ಬಿಯ ಮುಚ್ಚಳ ಹಾಕಲು ಗಂಡನನ್ನು ಕರೆಯಬೇಕು. ಮುಷ್ಟಿ ಪೂರ್ತಿ ಕಟ್ಟಲು ಆಗುವುದು ಒಂಬತ್ತರ ಹೊತ್ತಿಗೆ. ಮೂರು ತಿಂಗಳಿಂದ ಹೀಗೇ. ಹಾಸಿಗೆಯಿಂದ ಇಳಿದಾಗ ಪಾದದ ಮುಂಭಾಗಕ್ಕೆ ಜಲ್ಲಿಕಲ್ಲು ತುಳಿದ ಹಾಗಾಗುತ್ತದೆ ಎಂದೂ ಹೇಳಿದರು.

“ಎಷ್ಟು ಹೊತ್ತು ಬಿಗಿ ಇರುತ್ತೆ?” ಎಂದು ನಾನು ಕೇಳುವುದೇ ಇಲ್ಲ. “ಸ್ವಲ್ಪ ಹೊತ್ತು” ಅಥವಾ “ದಿನಾ ಪೂರ್ತಿ” ಅನ್ನುತ್ತಾರೆ. ಗಡಿಯಾರದ ಎರಡು ಸಮಯ ಕೇಳಿದರೆ ಲೆಕ್ಕ ಸಿಗುತ್ತದೆ. ಸವಕಳಿಯಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಕೆಲಸ ಮಾಡಿದಷ್ಟೂ ನೋವು ಏರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ನಂಥ ಉರಿಯೂತದ ಕಾಯಿಲೆಯಲ್ಲಿ ಇದು ತಿರುವುಮುರುವು: ಸುಮ್ಮನಿದ್ದರೆ ಬಿಗಿ, ಕೈ ಆಡಿಸಿದಂತೆ ಹಗುರ. ಉರಿಯೂತ ಎಬ್ಬಿಸುವ ಐಎಲ್-6 ಎಂಬ ರಾಸಾಯನಿಕ ನಸುಕಿನಲ್ಲಿ ತುಂಬಾ ಏರುತ್ತದೆ. ಅದನ್ನು ತಡೆಯುವ ಕಾರ್ಟಿಸಾಲ್ ಇವರಲ್ಲಿ ಆ ಏರಿಕೆಗೆ ಸಾಲುವುದಿಲ್ಲ. ಜೊತೆಗೆ ರಾತ್ರಿಯೆಲ್ಲ ಕೈ ಆಡದೆ ಕೀಲಿನ ಒಳಪದರದಲ್ಲಿ ನೀರು ತುಂಬಿಕೊಂಡಿರುತ್ತದೆ.

ಹಾಗಂತ ಬೆಳಗಿನ ಬಿಗಿತ ಒಂದು ಗಂಟೆ ದಾಟಿದ ಮಾತ್ರಕ್ಕೆ ಕಾಯಿಲೆ ಖಚಿತವಲ್ಲ. ರುಮಟಾಯ್ಡ್ ಗುರುತಿಸಲು ಅಮೆರಿಕದ ತಜ್ಞರು ಮಾಡಿದ 1987ರ ಲಕ್ಷಣಗಳ ಪಟ್ಟಿಯಲ್ಲಿ ‘ಕನಿಷ್ಠ ಒಂದು ಗಂಟೆ’ ಎಂಬ ಅಂಶವಿತ್ತು. 2010ರ ಪಟ್ಟಿಯಲ್ಲಿ ಅದು ಇಲ್ಲ. ಚಿಕುನ್‌ಗುನ್ಯಾ ಬಂದು ಹೋದವರ ಕೈಯೂ ತಿಂಗಳುಗಟ್ಟಲೆ ಹೀಗೇ ಹಿಡಿದುಕೊಂಡಿರಬಹುದು. ಅದಕ್ಕೇ ಮೊದಲು ಜ್ವರದ ಬಗ್ಗೆ ಕೇಳಿದೆ. ಇವರಿಗೆ ಬಂದಿರಲಿಲ್ಲ.

ಆಮೇಲೆ ಕೈ ನೋಡಿದೆ. ಬೆರಳು ಅಂಗೈಗೆ ಸೇರುವ ಬುಡದ ಗೆಣ್ಣುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮಿದೆ. ಸೊಸೆ ಕೈ ಹಿಂದಕ್ಕೆ ಎಳೆದುಕೊಂಡರು. ಗೆಣ್ಣುಗಳ ನಡುವಿನ ಹಳ್ಳ ಮುಚ್ಚಿಹೋಗಿತ್ತು. ಬೆರಳಿಟ್ಟರೆ ಊತ ಮಾಗಿದ ದ್ರಾಕ್ಷಿಯಷ್ಟು ಮೆತ್ತಗೆ. ಮಣಿಕಟ್ಟುಗಳೂ ಊದಿದ್ದವು. ಉಗುರಿನ ಹಿಂದಿನ ಗೆಣ್ಣುಗಳು ಮಾತ್ರ ಚೆನ್ನಾಗಿದ್ದವು. ಅತ್ತೆಗೆ ಕೆಟ್ಟಿದ್ದ ಸಾಲು ಸೊಸೆಗೆ ಸರಿಯಿತ್ತು, ಸೊಸೆಗೆ ಕೆಟ್ಟದ್ದು ಅತ್ತೆಗೆ ಸರಿಯಿತ್ತು. ಇಷ್ಟು ಚೊಕ್ಕ ಜೋಡಿ ನನಗೆ ಮತ್ತೆ ಸಿಕ್ಕಿಲ್ಲ. (ಸೋರಿಯಾಸಿಸ್ ಇರುವವರಲ್ಲಿ ಈ ಲೆಕ್ಕ ತಪ್ಪುತ್ತದೆ. ಉರಿಯೂತವೇ ಆದರೂ ತುದಿಯ ಗೆಣ್ಣನ್ನು ಹಿಡಿಯಬಹುದು. ಹಾಗಾಗಿ ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿವೆಯೇ ಎಂದು ನೋಡುತ್ತೇನೆ.)

ಸೊಸೆಗೆ ಎರಡು ತಿಂಗಳ ಹಿಂದೆಯೇ ಒಂದು ಕಡೆ ರಕ್ತ ಪರೀಕ್ಷೆ ಆಗಿತ್ತಂತೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್, ಯೂರಿಕ್ ಆಸಿಡ್ ನಾರ್ಮಲ್, ಎಕ್ಸ್-ರೇಯೂ ನಾರ್ಮಲ್. “ಏನಿಲ್ಲ, ಕೆಲಸ ಕಮ್ಮಿ ಮಾಡಿ” ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ಆದರೆ ಈ ಕಾಯಿಲೆ ಇರುವ ಸುಮಾರು ಐವರಲ್ಲಿ ಒಬ್ಬರಿಗಾದರೂ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರುತ್ತದೆ. ಉರಿಯೂತ ಮೂಳೆಯನ್ನು ಕೊರೆಯುವ ತನಕ ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಯೂರಿಕ್ ಆಸಿಡ್ ಇಲ್ಲಿ ಬೇಕಿರಲೇ ಇಲ್ಲ. ನಾನು ಈ ಕಾಯಿಲೆಯ ಇನ್ನೊಂದು ರಕ್ತ ಪರೀಕ್ಷೆಯಾದ ಆಂಟಿ-ಸಿಸಿಪಿ ಬರೆದುಕೊಟ್ಟೆ. ಮಾಮೂಲಿ ಮಿತಿಗಿಂತ ಹಲವು ಪಟ್ಟು ಜಾಸ್ತಿ ಬಂತು.

ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆಯೇ ಎಂದು ಕೇಳಿದೆ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಗರ್ಭಿಣಿಯರಿಗೆ ಕೂಡದು. ಆಗಿದೆ ಅಂದರು. ಲಿವರ್, ಕಿಡ್ನಿ, ರಕ್ತಕಣದ ಪರೀಕ್ಷೆ ನೋಡಿ ಶುರು ಮಾಡಿದೆ. ಈ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದವರು ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಇಳಿದು ಆಸ್ಪತ್ರೆ ಸೇರಿದ್ದನ್ನು ನೋಡಿದ್ದೇನೆ. ಹಾಗಾಗಿ ಚೀಟಿಯಲ್ಲಿ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲೇ ಬರೆದು ಕೆಳಗೆ ಗೆರೆ ಎಳೆದೆ. ಫೋಲಿಕ್ ಆಸಿಡ್ ಬೇರೆ ದಿನಕ್ಕೆ. ಇದರ ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕಡಿಮೆ ಡೋಸಿನ ಸ್ಟೆರಾಯ್ಡ್.

ಅತ್ತೆಗೆ ಬರೆದದ್ದು ಹಚ್ಚುವ ಜೆಲ್, ಬಿಸಿನೀರಿನಲ್ಲಿ ಕೈ ಇಡುವುದು, ಬಟ್ಟೆ ಹಿಂಡುವ ಕೆಲಸ ಮಷಿನ್‌ಗೆ ಬಿಡುವುದು, ಇಷ್ಟೇ. “ನನ್ನ ಪೇಷೆಂಟ್ ಚೀಟಿಯಲ್ಲಿ ಅವಳಿಗೇ ಜಾಸ್ತಿ ಔಷಧಿ” ಎಂದು ಗೊಣಗಿದರು.

ಎರಡು ತಿಂಗಳ ಮೇಲೆ ಸೊಸೆ ಒಬ್ಬರೇ ಬಂದರು. ಏಳುವುದು ಐದೂವರೆಗೆ, ಕೈ ಸಡಿಲವಾಗುವುದು ಆರಕ್ಕೆ. ಬಲ ಮಣಿಕಟ್ಟಿನಲ್ಲಿ ಇನ್ನೂ ಊತ ಉಳಿದಿತ್ತು. ಮೆಥೊಟ್ರೆಕ್ಸೇಟ್ ಸ್ವಲ್ಪ ಏರಿಸಿದೆ.