ತಾಳೆ ನೋಡುವುದು ಪ್ರಶ್ನೆಯಲ್ಲಿ, ನಿಮ್ಮ ಸಮೀಕರಣದಲ್ಲಲ್ಲ

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ರಾತ್ರಿ ಹತ್ತರ ಮೇಲೆ ವಾಟ್ಸಾಪ್‌ಗೆ ಪ್ರಶ್ನೆಯ ಫೋಟೋ ಬರುತ್ತದೆ, ಅದರ ಕೆಳಗೆ ಒಂದೇ ಸಾಲು. "ಸರ್, ಆನ್ಸರ್ ಡಿ ಅಲ್ವಾ?" ಮುಂದಿನ ಮಾತು ನನಗೆ ಬಾಯಿಪಾಠ ಆಗಿಬಿಟ್ಟಿದೆ. ತಾಳೆ ನೋಡಿದೆಯಾ ಅಂದರೆ "ನೋಡಿದೆ ಸರ್, ಸರಿಯಾಗಿ ಬಂತು" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ನೋಡಿರುತ್ತಾರೆ. ಆದರೆ ನೋಡಬೇಕಾದ ಕಡೆ ನೋಡಿರುವುದಿಲ್ಲ.

ಒಂದು ವಯಸ್ಸಿನ ಲೆಕ್ಕ ತಗೊಳ್ಳೋಣ. ತಂದೆಯ ಈಗಿನ ವಯಸ್ಸು ಮಗನ ವಯಸ್ಸಿನ ಮೂರರಷ್ಟು. 12 ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಎರಡರಷ್ಟಾಗುತ್ತದೆ. ತಂದೆಯ ಈಗಿನ ವಯಸ್ಸೆಷ್ಟು? ಆಯ್ಕೆಗಳು: ಎ) 24, ಬಿ) 36, ಸಿ) 48, ಡಿ) 72.

ಹುಡುಗ ಮಗನ ವಯಸ್ಸನ್ನು x ಅಂದುಕೊಳ್ಳುತ್ತಾನೆ, ತಂದೆಗೆ 3x. ಆಮೇಲೆ ಅವಸರದಲ್ಲಿ ಹೀಗೆ ಬರೆಯುತ್ತಾನೆ:

```
3x = 2(x + 12)
```

x = 24 ಬರುತ್ತದೆ, ತಂದೆಗೆ 72. ಆಯ್ಕೆಯಲ್ಲೂ 72 ಇದೆ, ಖುಷಿ! ಈಗ "ತಾಳೆ" ನೋಡುತ್ತಾನೆ. ಎಡಗಡೆ 72, ಬಲಗಡೆ 2 × 36, ಅದೂ 72. ಸರಿಯಾಗಿ ಬಂತು.

ಬರದೆ ಇನ್ನೇನು? ಆ ಸಮೀಕರಣದಿಂದಲೇ ತೆಗೆದ ಸಂಖ್ಯೆಯನ್ನು ಅದೇ ಸಮೀಕರಣಕ್ಕೆ ಹಾಕಿದರೆ ಸರಿ ಬರಲೇಬೇಕು. ಕಳ್ಳನ ಸಾಕ್ಷಿಗೆ ಕಳ್ಳನ ತಮ್ಮನನ್ನೇ ಕರೆದ ಹಾಗೆ ಆಯ್ತು. ಈ ತಾಳೆಯಲ್ಲಿ ಗೊತ್ತಾಗುವುದು ಕೂಡಿ ಕಳೆದದ್ದು ಸರಿ ಇದೆಯೋ ಇಲ್ಲವೋ ಅನ್ನುವುದು ಮಾತ್ರ. ಪ್ರಶ್ನೆಯನ್ನು ಸಮೀಕರಣ ಮಾಡುವಾಗ ಆದ ತಪ್ಪು ಇದಕ್ಕೆ ಕಾಣುವುದೇ ಇಲ್ಲ. ನಾನು ನೋಡಿದ ಹಾಗೆ ಹುಡುಗರು ಜಾಸ್ತಿ ಎಡವುವುದೂ ಅಲ್ಲೇ.

ಈಗ ಬರೆದ ಸಮೀಕರಣವನ್ನು ಕೈಯಿಂದ ಮುಚ್ಚಿ. ಪ್ರಶ್ನೆಯ ಮಾತುಗಳನ್ನೇ ಒಂದೊಂದಾಗಿ ಓದಿ 72 ಹಾಕುತ್ತಾ ಹೋಗಿ. ತಂದೆಗೆ ಈಗ 72, ಮಗನಿಗೆ ಅದರ ಮೂರನೇ ಒಂದು ಪಾಲು, 24. ಹನ್ನೆರಡು ವರ್ಷ ಕಳೆಯಿತು. ಮಗನಿಗೆ 36. ತಂದೆಗೆ? ಅವರಿಗೂ ವಯಸ್ಸಾಗುತ್ತದೆ ಅಲ್ವಾ, 84. 36ರ ಎರಡರಷ್ಟು 72, 84 ಅಲ್ಲ. ಡಿ ಬಿತ್ತು. ಮಗನಿಗೆ ಮಾತ್ರ 12 ವರ್ಷ ಕೂಡಿಸಿ ಅಪ್ಪನನ್ನು ಹಾಗೇ ನಿಲ್ಲಿಸಿದ್ದು ಇಲ್ಲಿ ತಾನಾಗಿಯೇ ಕಾಣಿಸಿಕೊಂಡಿತು, ಯಾರೂ ತೋರಿಸಬೇಕಾಗಲಿಲ್ಲ.

ಉಳಿದವನ್ನೂ ಹಾಕಿ ನೋಡಿ. ತಂದೆಗೆ 48 ಅಂದರೆ ಮಗನಿಗೆ 16, ಮುಂದೆ 60 ಮತ್ತು 28. 28ರ ಎರಡರಷ್ಟು 56, ನಾಲ್ಕು ಹೆಚ್ಚಾಯಿತು. 24 ಅಂದರೆ 8, ಮುಂದೆ 36 ಮತ್ತು 20, ನಾಲ್ಕು ಕಡಿಮೆ ಬಿತ್ತು. 36 ಅಂದರೆ 12, ಮುಂದೆ 48 ಮತ್ತು 24. ಕೂತಿತು. ಸಂಖ್ಯೆ ದೊಡ್ಡದಾದರೆ ಹೆಚ್ಚು, ಚಿಕ್ಕದಾದರೆ ಕಡಿಮೆ ಅಂತ ಗೊತ್ತಾದ ಮೇಲೆ ನಾಲ್ಕನ್ನೂ ಹಾಕುವ ಅಗತ್ಯವೂ ಇರುವುದಿಲ್ಲ. ಪ್ರಶ್ನೆ ತೆಗೆದವರೂ ಕಡಿಮೆ ಆಸಾಮಿಗಳಲ್ಲ. 24 ಅನ್ನುವುದು 12 ವರ್ಷದ ನಂತರ ಮಗನ ವಯಸ್ಸು, 48 ಆಗ ತಂದೆಯ ವಯಸ್ಸು, 72 ನಮ್ಮ ಅವಸರದ ಸಮೀಕರಣದ ಉತ್ತರ. ಹಾಗಾಗಿ "ಆಯ್ಕೆಯಲ್ಲಿ ಇದೆ, ಅಂದರೆ ಸರಿ" ಅನ್ನುವ ಧೈರ್ಯ ಬೇಡ.

ಬೀಜಗಣಿತದಲ್ಲೂ ಇದೇ ಕಥೆ. √(x + 7) = x − 5 ಅಂತ ಕೊಟ್ಟಿದ್ದಾರೆ ಅನ್ನಿ. ಎರಡೂ ಕಡೆ ವರ್ಗ ಮಾಡಿ ಬಿಡಿಸಿದರೆ 9 ಮತ್ತು 2 ಬರುತ್ತವೆ. ವರ್ಗ ಮಾಡಿದ ಮೇಲಿನ ಸಾಲಿಗೆ ಹಾಕಿ ನೋಡಿದರೆ ಎರಡೂ ಪಾಸು. ಕೊಟ್ಟ ಸಾಲಿಗೇ ಹಾಕಿ. 9 ಹಾಕಿದರೆ ಎರಡೂ ಕಡೆ 4. 2 ಹಾಕಿದರೆ ಎಡಗಡೆ 3, ಬಲಗಡೆ ಮೈನಸ್ 3. ಈ 2 ಪ್ರಶ್ನೆಯಿಂದ ಬಂದದ್ದಲ್ಲ, ವರ್ಗ ಮಾಡುವಾಗ ನಾವೇ ಹುಟ್ಟಿಸಿದ್ದು.

ಇಷ್ಟು ಒತ್ತಿ ಹೇಳಲು ನನ್ನದೂ ಒಂದು ತಪ್ಪು ಕಾರಣ. ಒಮ್ಮೆ ಬಸ್‌ನಲ್ಲಿ ನಿಂತುಕೊಂಡೇ ಇಂಥದ್ದೇ ಫೋಟೋ ನೋಡಿ "ಹೂಂ, ಡಿ" ಅಂತ ಕಳಿಸಿಬಿಟ್ಟೆ. ಮಾರನೇ ದಿನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ಹಾಕಿ ನೋಡಿದರೆ ಬರ್ತಿಲ್ಲ" ಅಂದಳು. ಅಷ್ಟರಲ್ಲಿ ಗ್ರೂಪಿನಲ್ಲಿ ಎಲ್ಲರೂ ಡಿ ಅಂತ ಬರೆದುಕೊಂಡಾಗಿತ್ತು. ಸಾರ್ ಹೇಳಿದ್ದಾರಲ್ಲ! ನನಗೆ ಆಗ ಗೊತ್ತಿದ್ದದ್ದು ಅರ್ಧ, ಹೇಳಿದ್ದು ಪೂರ್ತಿ ಗೊತ್ತಿದ್ದವನ ಧಾಟಿಯಲ್ಲಿ.

ಈಗ ಅನುಮಾನ ಇದ್ದರೆ ಹಾಗೆಂದೇ ಬರೆಯುತ್ತೇನೆ. ಆದರೆ "ಡೌಟ್ ಇದೆ" ಅಂತಷ್ಟೇ ಬರೆದರೆ ಹುಡುಗರಿಗೆ ಏನೂ ಉಪಯೋಗವಿಲ್ಲ, ಸುಮ್ನೆ ಗಾಬರಿ. ಅನುಮಾನ ಎಲ್ಲಿದೆ ಅಂತ ಹೇಳಬೇಕು. "72 ಅನಿಸುತ್ತಿದೆ, ಲೆಕ್ಕ ಸರಿ ಇದೆ, ಆದರೆ '12 ವರ್ಷಗಳ ನಂತರ' ಅನ್ನುವುದನ್ನು ಇಬ್ಬರಿಗೂ ಕೂಡಿಸಿದೆನೋ ಇಲ್ಲವೋ ನೋಡಿಲ್ಲ, ಪ್ರಶ್ನೆಗೆ ಹಾಕಿ ನೋಡು." ಇಷ್ಟು ಹೇಳಿದರೆ ಹುಡುಗನಿಗೆ ಎಲ್ಲಿ ಕೈ ಇಡಬೇಕು ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅರ್ಧ ನಿಮಿಷದ ಕೆಲಸ. ಪರೀಕ್ಷೆಯಲ್ಲಿ ಅಷ್ಟೂ ಸಮಯ ಸಿಗದೇ ಹೋಗಬಹುದು, ಒಪ್ಪುತ್ತೇನೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಹಾಗಾಗಿ ಎಲ್ಲಕ್ಕೂ ತಾಳೆ ನೋಡಿ ಅನ್ನುವುದಿಲ್ಲ. ಅನುಮಾನ ಬಂದ ಪ್ರಶ್ನೆಯ ಪಕ್ಕ ರಫ್ ಹಾಳೆಯಲ್ಲಿ ಒಂದು ಚುಕ್ಕಿ ಇಟ್ಟುಕೊಂಡು, ಕೊನೆಗೆ ಆ ಚುಕ್ಕಿಗಳಿಗೆ ಮಾತ್ರ ವಾಪಸ್ ಬನ್ನಿ.

ಹಿಂದಿನಿಂದ ಹಾಕಿ ನೋಡಿದರೂ ಬಗೆಹರಿಯದ ಪ್ರಶ್ನೆಗಳಿವೆ. ಹೋದ ತಿಂಗಳು ಒಂದು ಮಾದರಿ ಪತ್ರಿಕೆಯಲ್ಲಿ ಹೀಗಿತ್ತು: 6ರಿಂದ ಭಾಗಿಸಿದರೆ 5, 8ರಿಂದ ಭಾಗಿಸಿದರೆ 7 ಶೇಷ ಬರುವ ಸಂಖ್ಯೆ ಯಾವುದು? ಆಯ್ಕೆಗಳಲ್ಲಿ 23 ಇತ್ತು, 47 ಕೂಡ ಇತ್ತು. 23 ಹಾಕಿದರೆ ಶೇಷ 5 ಮತ್ತು 7. 47 ಹಾಕಿದರೂ 5 ಮತ್ತು 7. ಎರಡೂ ಸರಿ! "ಅತಿ ಚಿಕ್ಕ ಸಂಖ್ಯೆ" ಅಂತ ಬರೆಯಲು ಹೊರಟು "ಅತಿ ಚಿಕ್ಕ" ಬಿಟ್ಟುಹೋಗಿರಬೇಕು ಅಂತ ನನ್ನ ಊಹೆ. ನಿಜವಾದ ಪರೀಕ್ಷೆಯಲ್ಲಿ ಹೀಗಾದರೆ ಮೊದಲು ಇಂಗ್ಲಿಷ್ ಪ್ರಶ್ನೆಯನ್ನೂ ಓದಿ. ಅನುವಾದದಲ್ಲಿ ಒಂದು ಪದ ಜಾರಿರಬಹುದು. ಅಲ್ಲೂ ಅದೇ ಇದ್ದರೆ 23 ಗುರುತು ಮಾಡಿ ಮುಂದೆ ಹೋಗಿ, ತಾತ್ಕಾಲಿಕ ಕೀ ಉತ್ತರ ಬಿಟ್ಟಾಗ ಎರಡೂ ಲೆಕ್ಕವನ್ನು ಬರೆದು ಆಕ್ಷೇಪಣೆ ಸಲ್ಲಿಸಿ.

ಆ ಪ್ರಶ್ನೆಗೆ ಗ್ರೂಪಿನಲ್ಲಿ ನಾನು ಬರೆದ ಉತ್ತರ ಇಷ್ಟೇ: "23, 47 ಎರಡೂ ಕೂರುತ್ತವೆ. 23 ಇರಬೇಕು ಅನಿಸುತ್ತದೆ, ಖಾತ್ರಿ ಇಲ್ಲ, ಪ್ರಶ್ನೆಯಲ್ಲೇ ಪದ ಬಿಟ್ಟಿದೆ." ಎರಡು ನಿಮಿಷಕ್ಕೆ ಅದೇ ಹುಡುಗಿಯಿಂದ ಮೆಸೇಜ್ ಬಂತು. "ಸರ್, 71 ಕೂಡ ಬರುತ್ತೆ, ಆಪ್ಷನ್‌ನಲ್ಲಿ ಇಲ್ಲ ಅಷ್ಟೇ."